ನಾವು ಒತ್ತದೆ ಇಳಿಯುವ ಫೋಟೊಗಳು

(ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ರೀಚಾರ್ಜ್, ರಿಪೇರಿ, ಕವರ್, ಗ್ಲಾಸ್, ಎಲ್ಲ ಉಂಟು. ಅಂಗಡಿಗೆ ಬರುವ ದೂರುಗಳಲ್ಲಿ ಒಂದು ತೀರಾ ಮಾಮೂಲು. "ತಮ್ಮಾ, ನಾನು ವಿಡಿಯೋ ಗಿಡಿಯೋ ಏನೂ ನೋಡೋದಿಲ್ಲ, ಬರೀ ವಾಟ್ಸಾಪ್. ಆದ್ರೂ ನೆಟ್ ಖಾಲಿ ಆಗ್ತದಲ್ಲ?" ಹೀಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ನಿಜವಾಗಿಯೂ ಏನೂ ನೋಡಿರುವುದಿಲ್ಲ. ಅವರ ಪರವಾಗಿ ಫೋನೇ ಎಲ್ಲವನ್ನೂ ಇಳಿಸಿಕೊಂಡು ಕೂತಿರುತ್ತದೆ. ಇವತ್ತು ಈ ಒಂದು ದೂರಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲು ಒಂದು ಲೆಕ್ಕ ಮಾಡೋಣ. ನಮ್ಮ ಊರುಗಳಲ್ಲಿ ಹಿರಿಯರು ಜಾಸ್ತಿ ಹಾಕಿಸುವುದು ಕರೆಗೆ ಅನುಕೂಲವಾದ ಉದ್ದದ ಪ್ಯಾಕ್. 84 ದಿನಕ್ಕೆ ಒಟ್ಟು 6 ಜಿಬಿ ಸಿಗುವ ಪ್ಯಾಕ್ ಎಂದಿಟ್ಟುಕೊಳ್ಳಿ. ದಿನಕ್ಕೆ ಹಂಚಿದರೆ ಸುಮಾರು 73 ಎಂಬಿ. ದಿನಕ್ಕೆ 2 ಜಿಬಿ ಇರುವ ಮಕ್ಕಳಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಅಮ್ಮನ ಫೋನಿಗೆ ಇರುವುದು ಅಷ್ಟೇ.

ಅಮ್ಮನ ವಾಟ್ಸಾಪಿನಲ್ಲಿ ಹತ್ತು ಗುಂಪುಗಳಿವೆ. ಕುಟುಂಬದ್ದು ಒಂದು, ಅತ್ತೆ ಮನೆ ಕಡೆಯದು ಒಂದು, ಊರಿನದು, ಸೊಸೈಟಿ ರೇಟಿನದು, ಭಜನೆಯದು, ಯಕ್ಷಗಾನದ್ದು ಎರಡು ಮೂರು. ಒಂದೊಂದರಲ್ಲಿ ದಿನಕ್ಕೆ 20 ಫೋಟೊ ಬಂದರೆ ಒಟ್ಟು 200. ವಾಟ್ಸಾಪ್ ಮಾಮೂಲಿ ಗುಣಮಟ್ಟದಲ್ಲಿ ಕಳಿಸುವ ಫೋಟೊ ಒಂದಕ್ಕೆ ಸುಮಾರು 200 ಕೆಬಿ ಹಿಡಿಯಿರಿ. ಅಲ್ಲಿಗೆ 40 ಎಂಬಿ ಆಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶುಭೋದಯದ ಹೂವುಗಳೇ ಇರುತ್ತವೆ, ಅದು ಬೇರೆ ಮಾತು.

ಇಷ್ಟೇ ಆಗಿದ್ದರೆ ಪ್ಯಾಕ್ ಹೇಗೋ ಬಾಳುತ್ತಿತ್ತು. ಆದರೆ ಅಮ್ಮನ ಫೋನಿನಲ್ಲಿ ವಿಡಿಯೊವೂ ತಾನಾಗಿ ಇಳಿಯುವ ಹಾಗೆ ಯಾರೋ ಯಾವತ್ತೋ ಟಿಕ್ ಹಾಕಿಟ್ಟಿದ್ದಾರೆ. ರಾತ್ರಿ ಆಟದ ಒಂದೆರಡು ನಿಮಿಷದ ತುಣುಕು 18 ಎಂಬಿ ಎಂದುಕೊಳ್ಳಿ. ಅಂಥವು ಆರು ಬಂದರೆ 108. ಫೋಟೊ ಸೇರಿಸಿ ದಿನಕ್ಕೆ 148 ಎಂಬಿ. 84 ದಿನದ ಪ್ಯಾಕ್ 41 ದಿನಕ್ಕೆ ಮುಗಿಯಿತು. ಅಮ್ಮ ಇದರಲ್ಲಿ ತೆರೆದು ನೋಡಿದ್ದು ಎಷ್ಟು? ಮೂವತ್ತು ಫೋಟೊ, ಯಕ್ಷಗಾನ ಪದ್ಯದ ಒಂದು ವಿಡಿಯೊ. ಅಂದರೆ 24 ಎಂಬಿ. ಉಳಿದದ್ದೆಲ್ಲ ಕಣ್ಣಿಗೂ ಬೀಳದೆ ಫೋನಿನಲ್ಲಿ ಕೂತಿತು.

ಈಗ ಇದನ್ನು ನಿಲ್ಲಿಸುವ ಜಾಗಕ್ಕೆ ಹೋಗೋಣ. ಫೋನ್ ಕೈಯಲ್ಲಿದ್ದವರು ನನ್ನ ಜೊತೆಗೇ ಒತ್ತುತ್ತಾ ಬನ್ನಿ. ವಾಟ್ಸಾಪ್ ತೆರೆದು ಮೂರು ಚುಕ್ಕಿ ಒತ್ತಿ, Settings ಗೆ ಹೋಗಿ. ಅಲ್ಲಿ Storage and data ಎಂದಿರುತ್ತದೆ. ಫೋನ್ ಕನ್ನಡದಲ್ಲಿದ್ದರೆ ಹೆಸರು ಕನ್ನಡದಲ್ಲಿ ಕಾಣುತ್ತದೆ, ಜಾಗ ಅದೇ. ಒಳಗೆ ಹೋಗಿ ಸ್ವಲ್ಪ ಕೆಳಗೆ ಬಂದರೆ Media auto-download ಎಂಬ ಭಾಗ ಸಿಗುತ್ತದೆ. ಅದರಲ್ಲಿ ಮೂರು ಸಾಲು. When using mobile data, ಅಂದರೆ ಸಿಮ್ಮಿನ ನೆಟ್‌ನಲ್ಲಿರುವಾಗ. When connected on Wi-Fi, ಅಂದರೆ ವೈಫೈಯಲ್ಲಿರುವಾಗ. When roaming, ಅಂದರೆ ರೋಮಿಂಗ್‌ನಲ್ಲಿರುವಾಗ. ಒಂದೊಂದನ್ನು ಒತ್ತಿದರೂ ನಾಲ್ಕು ಚೌಕ ಬರುತ್ತವೆ. ಫೋಟೊ, ಆಡಿಯೊ, ವಿಡಿಯೊ, ಡಾಕ್ಯುಮೆಂಟ್.

ಹೊಸದಾಗಿ ವಾಟ್ಸಾಪ್ ಹಾಕಿದಾಗ ಮೊಬೈಲ್ ಡೇಟಾ ಸಾಲಿನಲ್ಲಿ ಫೋಟೊಗೆ ಮಾತ್ರ ಟಿಕ್ ಇರುತ್ತದೆ. ವೈಫೈ ಸಾಲಿನಲ್ಲಿ ನಾಲ್ಕಕ್ಕೂ ಇರುತ್ತದೆ. ಮೊಬೈಲ್ ಡೇಟಾ ಸಾಲಿನ ಎಲ್ಲ ಟಿಕ್ ತೆಗೆದು OK ಒತ್ತಿ. ಅಷ್ಟೇ ಕೆಲಸ. ವೈಫೈ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲೊಂದು ತಿರುವಿದೆ.

ಟಿಕ್ ತೆಗೆದ ಮೇಲೆ ಏನು ಬದಲಾಗುತ್ತದೆ? ಫೋಟೊ ಬರುವುದು ನಿಲ್ಲುವುದಿಲ್ಲ. ಸಂದೇಶದ ಜೊತೆಗೇ ಒಂದು ಪುಟ್ಟ ಮಸುಕು ಚಿತ್ರ ಬರುತ್ತದೆ. ಅದರ ಮೇಲೆ ಕೆಳಮುಖದ ಬಾಣ ಮತ್ತು ಗಾತ್ರ ಬರೆದಿರುತ್ತದೆ, 180 kB ಎಂದೋ 17 MB ಎಂದೋ. ಮಸುಕಾಗಿದ್ದರೂ ಅದು ಹೂವೋ, ಅಡಿಕೆ ರೇಟಿನ ಪಟ್ಟಿಯೋ ಎಂದು ಗೊತ್ತಾಗುತ್ತದೆ. ಬೇಕಾದರೆ ಒತ್ತಿ, ಇಳಿಯುತ್ತದೆ. ಬೇಡವಾದರೆ ಬಿಡಿ. ವಾಯ್ಸ್ ಮೆಸೇಜ್ ಮಾತ್ರ ಈ ಮಾತು ಕೇಳುವುದಿಲ್ಲ. ಆಡಿಯೊ ಟಿಕ್ ತೆಗೆದರೂ ಮೈಕ್ ಒತ್ತಿ ಮಾತಾಡಿ ಕಳಿಸಿದ್ದು ತಾನಾಗಿಯೇ ಇಳಿಯುತ್ತದೆ. ಅದು ಸಣ್ಣದು, ತಲೆ ಕೆಡಿಸಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಇಳಿಸದೆ ಬಿಟ್ಟ ಫೋಟೊ ವಾಟ್ಸಾಪಿನ ಸರ್ವರ್‌ನಲ್ಲಿ ಯಾವಾಗಲೂ ಇರುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಬಾಣ ಒತ್ತಿದರೆ, ಕಳಿಸಿದವರ ಹತ್ತಿರ ಮತ್ತೆ ಕಳಿಸಲು ಹೇಳಿ ಎಂಬ ಸೂಚನೆ ಬರಬಹುದು. ಪಹಣಿ, ರಸೀದಿ, ಮದುವೆ ಕಾಗದ, ಇಂಥದ್ದು ಬಂದರೆ ಅವತ್ತೇ ಇಳಿಸಿಕೊಳ್ಳಿ.

ಇಲ್ಲಿ ಒಬ್ಬರು ಕೇಳಿದರು: "ನಾನು ಆಗಲೇ ಎಲ್ಲ ಬಂದ್ ಮಾಡಿದ್ದೇನೆ. ಗ್ಯಾಲರಿಯಲ್ಲಿ ಈಗ ವಾಟ್ಸಾಪ್ ಫೋಟೊ ಒಂದೂ ಕಾಣೋದಿಲ್ಲ. ಆದ್ರೂ ಡೇಟಾ ಹೋಗ್ತಾ ಉಂಟು."

ಅವರ ಫೋನ್ ತೆಗೆದು ನೋಡಿದೆ. ಅವರು ಬಂದ್ ಮಾಡಿದ್ದು Media visibility ಎಂಬ ಸ್ವಿಚ್. ಅದು Chats ಎಂಬ ಬೇರೆ ಭಾಗದಲ್ಲಿದೆ. ಇಳಿದ ಫೋಟೊವನ್ನು ಗ್ಯಾಲರಿಯಲ್ಲಿ ತೋರಿಸಬೇಕೋ ಬೇಡವೋ ಎಂಬುದಷ್ಟೇ ಅದರ ಕೆಲಸ. ಫೋಟೊ ಇಳಿಯುವುದು ಇಳಿಯುತ್ತಲೇ ಇರುತ್ತದೆ, ಗ್ಯಾಲರಿಗೆ ಮಾತ್ರ ಬರುವುದಿಲ್ಲ. ಡೇಟಾ ಒಂದು ಕೆಬಿಯೂ ಉಳಿಯುವುದಿಲ್ಲ. ಅಂಗಡಿಯಲ್ಲಿ ನಾನು ನೋಡುವ ಗೊಂದಲಗಳಲ್ಲಿ ಇದೇ ದೊಡ್ಡದು. ಗುಂಪನ್ನು ಮ್ಯೂಟ್ ಮಾಡುವುದೂ ಹಾಗೇ. ಸದ್ದು ನಿಲ್ಲುತ್ತದೆ, ಇಳಿಯುವುದು ನಿಲ್ಲುವುದಿಲ್ಲ.

ಈಗ ಗುಡ್ಡ ಹತ್ತಿ ಸಿಗ್ನಲ್ ಹುಡುಕುವವರ ವಿಷಯ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಕೂತು, ಕೊನೆಗೆ ಗುಡ್ಡದ ಮೇಲೆ ಒಂದು ಕಡ್ಡಿ ನೆಟ್ ಸಿಗುತ್ತದೆ ಅಲ್ವಾ? ಆಗ ನಿಮಗೆ ಬೇಕಾದದ್ದು ಮಗಳ ಕಾಲೇಜಿನ ಒಂದು ಪಿಡಿಎಫ್. ಆದರೆ ವಾಟ್ಸಾಪ್ ತೆರೆದ ತಕ್ಷಣ ಎರಡು ದಿನದಿಂದ ಕಾದು ನಿಂತ ಫೋಟೊಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಒಂದೇ ಒಂದು ಅರ್ಧ ಅಂಗುಲದ ಪೈಪಿನಲ್ಲಿ ಇಡೀ ಕೇರಿಗೆ ನೀರು ಬಿಟ್ಟ ಹಾಗೆ, ನಿಮ್ಮ ಪಿಡಿಎಫ್‌ಗೆ ಹನಿ ಹನಿ ಸಿಗುತ್ತದೆ.

ಅದಕ್ಕೂ ಲೆಕ್ಕ ಕೊಡುತ್ತೇನೆ. ದಿನದ ಡೇಟಾ ಮುಗಿದ ಮೇಲೆ ಅನೇಕ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಗುಡ್ಡದ ಮೇಲಿನ ಸಿಗ್ನಲ್ಲೂ ಒಮ್ಮೊಮ್ಮೆ ಅಷ್ಟೇ. ಇದು ಬಿಟ್‌ನ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 8 ಕೆಬಿ. ಒಂದು 200 ಕೆಬಿ ಫೋಟೊಕ್ಕೆ 25 ಸೆಕೆಂಡ್ ಬೇಕು. ನಲವತ್ತು ಫೋಟೊ ಕಾದಿದ್ದರೆ ಅವೆಲ್ಲ ಇಳಿಯಲು 16 ನಿಮಿಷ ದಾಟುತ್ತದೆ. ಆಟೋ ಡೌನ್‌ಲೋಡ್ ಬಂದ್ ಮಾಡಿದ್ದರೆ ಆ ಪೂರ್ತಿ ಪೈಪು ಪಿಡಿಎಫ್ ಒಂದಕ್ಕೇ. 400 ಕೆಬಿ ಪಿಡಿಎಫ್ 50 ಸೆಕೆಂಡಿಗೆ ಕೈಗೆ ಬರುತ್ತದೆ. ಹಾಗಾಗಿ ದಿನಕ್ಕೆ 2 ಜಿಬಿ ಇರುವವರೂ ಟಿಕ್ ತೆಗೆಯುವುದು ಒಳ್ಳೆಯದು ಎನ್ನುತ್ತೇನೆ. ಅವರಿಗೆ ದುಡ್ಡು ಉಳಿಯುವುದಿಲ್ಲ, ಸಮಯ ಉಳಿಯುತ್ತದೆ.

ಇನ್ನು ಚಿತ್ರದ ಗುಣಮಟ್ಟ. ಅದೇ Storage and data ಒಳಗೆ Media upload quality ಎಂದಿದೆ. ಅದರಲ್ಲಿ ಎರಡು ಆಯ್ಕೆ, Standard quality ಮತ್ತು HD quality. ಹೆಸರಿನಲ್ಲೇ upload ಇದೆ ನೋಡಿ. ಇದು ನೀವು ಕಳಿಸುವ ಫೋಟೊಗೆ ಮಾತ್ರ. ನಿಮಗೆ ಬರುವ ಫೋಟೊ ಎಷ್ಟು ದೊಡ್ಡದು ಎಂಬುದನ್ನು ಕಳಿಸಿದವರು ತೀರ್ಮಾನ ಮಾಡಿರುತ್ತಾರೆ. ಎಚ್‌ಡಿ ಫೋಟೊ ಕಳಿಸುವ ಸೌಲಭ್ಯ ವಾಟ್ಸಾಪಿಗೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಫೋಟೊ ಆಗಿ ಕಳಿಸಿದ್ದನ್ನು ವಾಟ್ಸಾಪ್ ಚಿಕ್ಕದು ಮಾಡಿಯೇ ಸಾಗಿಸುತ್ತಿತ್ತು.

"ಹಾಗಾದ್ರೆ ಎಚ್‌ಡಿ ಯಾವಾಗ ಬೇಕು?" ಎಂದು ತೋಟದವರೊಬ್ಬರು ಕೇಳಿದರು. ಎಲೆಚುಕ್ಕಿ ರೋಗದ ಫೋಟೊ ಕಳಿಸಿದರೆ, ತೋಟಗಾರಿಕೆ ಇಲಾಖೆಯವರು "ಏನೂ ಕಾಣುವುದಿಲ್ಲ, ಮತ್ತೆ ಕಳಿಸಿ" ಎನ್ನುತ್ತಾರಂತೆ.

ಇದು ಒಳ್ಳೆ ಪ್ರಶ್ನೆ. ಸ್ವಲ್ಪ ನಿಧಾನವಾಗಿ ನೋಡೋಣ. ನಿಮ್ಮ ಕ್ಯಾಮರಾದ 12 ಮೆಗಾಪಿಕ್ಸೆಲ್ ಫೋಟೊ ಉದ್ದಕ್ಕೆ 4000 ಚುಕ್ಕಿ ಇರುತ್ತದೆ. ವಾಟ್ಸಾಪಿನ ಮಾಮೂಲಿ ಗುಣಮಟ್ಟದಲ್ಲಿ ಅದು ಉದ್ದಕ್ಕೆ ಸುಮಾರು 1600 ಚುಕ್ಕಿಗೆ ಇಳಿಯುತ್ತದೆ. ಈಗ ನೀವು ದೂರ ನಿಂತು ಎರಡು ಮೀಟರ್ ಉದ್ದದ ಇಡೀ ಸೋಗೆ ಒಂದೇ ಫೋಟೊದಲ್ಲಿ ಹಿಡಿದಿರಿ. ಎರಡು ಮೀಟರ್ ಅಂದರೆ 2000 ಮಿಲಿಮೀಟರ್. ಮೂಲ ಫೋಟೊದಲ್ಲಿ ಒಂದು ಮಿಲಿಮೀಟರ್ ಎಲೆಗೆ ಎರಡು ಚುಕ್ಕಿ ಸಿಕ್ಕಿದವು. ಕಳಿಸಿದ ಫೋಟೊದಲ್ಲಿ ಒಂದು ಚುಕ್ಕಿಯೂ ಪೂರ್ತಿ ಸಿಗಲಿಲ್ಲ, 0.8 ಮಾತ್ರ. ಎಲೆಚುಕ್ಕಿ ಶುರುವಾಗುವುದೇ ಸಣ್ಣ ಕಂದು ಚುಕ್ಕಿಯಾಗಿ, ಸುತ್ತ ಹಳದಿ ಬಳೆಯ ಜೊತೆ. ಮಿಲಿಮೀಟರ್ ಅಳತೆಯ ಆ ಚುಕ್ಕಿ ಹಸಿರಿನಲ್ಲಿ ಕರಗಿಹೋಗುತ್ತದೆ. ಇಲಾಖೆಯವರು ಎಷ್ಟು ದೊಡ್ಡದು ಮಾಡಿ ನೋಡಿದರೂ ಇಲ್ಲದ್ದು ಕಾಣುವುದಿಲ್ಲ.

ಅದೇ ಎಲೆಯ ಹತ್ತಿರ ಹೋಗಿ, ಒಂದು ಗೇಣಿನಷ್ಟು ಜಾಗ ಮಾತ್ರ ಫೋಟೊ ತುಂಬುವ ಹಾಗೆ ತೆಗೆಯಿರಿ. ಸುಮಾರು 20 ಸೆಂಟಿಮೀಟರ್, ಅಂದರೆ 200 ಮಿಲಿಮೀಟರ್. ಈಗ ಮಾಮೂಲಿ ಗುಣಮಟ್ಟದಲ್ಲೇ ಒಂದು ಮಿಲಿಮೀಟರಿಗೆ 8 ಚುಕ್ಕಿ ಸಿಗುತ್ತವೆ. ಎಚ್‌ಡಿ ಬೇಕಾಗಲೇ ಇಲ್ಲ. ಕಂದು ಯಾವುದು, ಹಳದಿ ಬಳೆ ಯಾವುದು ಎಂದು ತಿಳಿಯಲು ಅಷ್ಟು ಸಾಕು. ದೂರದಿಂದ ತೆಗೆದ ಫೋಟೊವನ್ನು ಎಚ್‌ಡಿ ಮಾಡಿ ಕಳಿಸುವುದಕ್ಕಿಂತ, ಹತ್ತಿರದಿಂದ ತೆಗೆದ ಮಾಮೂಲಿ ಫೋಟೊ ಕೆಲಸಕ್ಕೆ ಬರುತ್ತದೆ. ಡೇಟಾವೂ ಕಡಿಮೆ.

ಇಡೀ ಮರ, ಇಡೀ ತೋಟದ ಸ್ಥಿತಿ ಮತ್ತು ಚುಕ್ಕಿ ಎರಡೂ ಒಂದೇ ಫೋಟೊದಲ್ಲಿ ಕಾಣಬೇಕು ಎಂದಾದರೆ ಎಚ್‌ಡಿ ಬೇಕು. ಸಣ್ಣ ಅಕ್ಷರದ ಹಳೆ ದಾಖಲೆಯ ಪುಟಕ್ಕೂ ಬೇಕು. ಆದರೆ ಅದಕ್ಕಾಗಿ ಸೆಟ್ಟಿಂಗ್‌ನಲ್ಲಿ HD quality ಎಂದು ಕಾಯಂ ಮಾಡಿಡಬೇಡಿ. ಅದನ್ನು Standard ನಲ್ಲೇ ಇಡಿ. ಫೋಟೊ ಆರಿಸಿದ ಮೇಲೆ, ಕಳಿಸುವ ಮುಂಚೆ ಪರದೆಯ ಮೇಲ್ಭಾಗದಲ್ಲಿ HD ಎಂಬ ಚಿಕ್ಕ ಗುರುತು ಕಾಣುತ್ತದೆ. ಆ ಒಂದು ಫೋಟೊಗೆ ಮಾತ್ರ ಅದನ್ನು ಒತ್ತಿದರೆ ಆಯಿತು. ಕಾಯಂ ಎಚ್‌ಡಿ ಇಟ್ಟುಕೊಂಡು ಮಾರಿಕಾಂಬಾ ಜಾತ್ರೆಯ ಫೋಟೊಗಳನ್ನು ಗುಂಪಿಗೆ ಸುರಿದರೆ, ನಿಮ್ಮ ಡೇಟಾ ಹೋಗುವುದು ಒಂದು ಸಲ. ಗುಂಪಿನ ಇನ್ನೂರು ಜನರ ಡೇಟಾ ಇನ್ನೂರು ಸಲ.

ಫೋಟೊ ಒಂಚೂರೂ ಕೆಡಬಾರದು ಎಂದರೆ ಅದನ್ನು Document ಆಗಿ ಕಳಿಸಿ. ಆಗ ವಾಟ್ಸಾಪ್ ಅದನ್ನು ಮುಟ್ಟುವುದಿಲ್ಲ. ಕ್ಯಾಮರಾದಲ್ಲಿ 4 ಎಂಬಿ ಇದ್ದರೆ 4 ಎಂಬಿಯೇ ಹೋಗುತ್ತದೆ. 64 ಕೆಬಿಪಿಎಸ್‌ನಲ್ಲಿ ಎಂಟು ನಿಮಿಷಕ್ಕೂ ಜಾಸ್ತಿ ಕಾಯಬೇಕು, ಅದು ನೆನಪಿರಲಿ.

ಆಗ ಮುಂದಿನ ಸಾಲಿನ ಹುಡುಗನೊಬ್ಬ ಹೇಳಿದ, "ಇಷ್ಟೆಲ್ಲ ಯಾಕಣ್ಣ, ಫೋನಿನಲ್ಲೇ Data Saver ಉಂಟಲ್ಲ, ಸುಮ್ನೆ ಅದನ್ನ ಆನ್ ಮಾಡಿದ್ರೆ ಸಾಕಲ್ಲ?"

ಉಂಟು. ಆಂಡ್ರಾಯ್ಡ್‌ಗೆ ಅದು 2016ರಲ್ಲಿ ಬಂತು, ಆಂಡ್ರಾಯ್ಡ್ 7ರ ಜೊತೆ. ಫೋನಿನ Settings ತೆರೆದು ಮೇಲಿನ ಹುಡುಕುವ ಜಾಗದಲ್ಲಿ data saver ಎಂದು ಹೊಡೆಯಿರಿ, ಬರುತ್ತದೆ. ಒಂದೊಂದು ಕಂಪನಿ ಅದನ್ನು ಒಂದೊಂದು ಕಡೆ ಇಟ್ಟಿದೆ, ಹುಡುಕಿ ತೆಗೆಯುವುದೇ ಸುಲಭ. ಆದರೆ ಅದು ಮಾಡುವ ಕೆಲಸ ಬೇರೆ. ಮೊಬೈಲ್ ಡೇಟಾದಲ್ಲಿರುವಾಗ, ನೀವು ತೆರೆದಿರದ ಆ್ಯಪ್‌ಗಳು ಹಿಂದಿನಿಂದ ನೆಟ್ ಬಳಸುವುದನ್ನು ಅದು ತಡೆಯುತ್ತದೆ. ನೀವು ಕಣ್ಣೆದುರು ತೆರೆದಿಟ್ಟ ಆ್ಯಪ್‌ಗೆ ನೆಟ್ ಸಿಗುತ್ತದೆ. ಡೇಟಾ ಕಡಿಮೆ ಬಳಸು ಎಂದು ಆ ಆ್ಯಪ್‌ಗೆ ಹೇಳುತ್ತದೆ, ಅಷ್ಟೇ. ಕೇಳುವುದು ಬಿಡುವುದು ಆ್ಯಪಿನ ಇಷ್ಟ. ಹಾಗಾಗಿ ವಾಟ್ಸಾಪ್ ತೆರೆದ ಕೂಡಲೇ, ಒಳಗಿನ ಟಿಕ್ ಹಾಗೇ ಇದ್ದರೆ, ಫೋಟೊಗಳು ಮತ್ತೆ ಇಳಿಯಲು ಶುರು. ಒಂದು ಬಾಗಿಲು ಹಾಕಿ ಇನ್ನೊಂದನ್ನು ತೆರೆದಿಟ್ಟಂತಾಯಿತು.

ಅದರ ತೊಂದರೆಯೂ ಗೊತ್ತಿರಲಿ. Data Saver ಹಾಕಿದರೆ ಕೆಲವು ಆ್ಯಪ್‌ಗಳ ಸಂದೇಶ ತಡವಾಗಿ ಬರಬಹುದು. ಬ್ಯಾಂಕಿನದೋ ವಾಟ್ಸಾಪಿನದೋ ತಡವಾಗಬಾರದು ಎಂದರೆ ಅದೇ ಪುಟದಲ್ಲಿ Unrestricted data ಎಂಬ ಪಟ್ಟಿ ಇದೆ, ಆ ಆ್ಯಪ್ ಒಂದಕ್ಕೆ ಅಲ್ಲಿ ಅನುಮತಿ ಕೊಡಿ. ಇನ್ನೊಂದು, Data Saver ಆನ್ ಇದ್ದಾಗ ಆ ಫೋನಿನಿಂದ ಹಾಟ್‌ಸ್ಪಾಟ್ ಕೊಡಲು ಆಗುವುದಿಲ್ಲ. "ಹಾಟ್‌ಸ್ಪಾಟ್ ಹಾಳಾಗಿದೆ" ಎಂದು ಅಂಗಡಿಗೆ ತರುವ ಫೋನುಗಳಲ್ಲಿ ಕೆಲವಕ್ಕೆ ನಾನು ಮಾಡುವ ರಿಪೇರಿ ಇಷ್ಟೇ, Data Saver ಬಂದ್ ಮಾಡಿ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ನಗಬೇಡಿ.

ಹಾಟ್‌ಸ್ಪಾಟ್ ಎಂದಾಗ ಆ ವೈಫೈ ಸಾಲಿನ ತಿರುವು ನೆನಪಾಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಮಾಳಿಗೆಯ ಕಿಟಕಿಯಲ್ಲಿ ಮಾತ್ರ. ಮಗನ ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಹಾಕುತ್ತಾರೆ. ಕೆಳಗೆ ಅಪ್ಪ, ಅಮ್ಮ, ಅಜ್ಜ ಎಲ್ಲರೂ ಅದರಲ್ಲಿ. ಈಗ ಅಮ್ಮನ ಫೋನಿಗೆ ಸಿಗುತ್ತಿರುವುದು ವೈಫೈ. ವೈಫೈ ಸಾಲಿನಲ್ಲಿ ನಾಲ್ಕಕ್ಕೂ ಟಿಕ್ ಇದೆ. ಫೋಟೊ, ಆಡಿಯೊ, ವಿಡಿಯೊ, ಡಾಕ್ಯುಮೆಂಟ್ ಎಲ್ಲ ಇಳಿಯುತ್ತವೆ. ಖಾಲಿಯಾಗುವುದು ಮಗನ ಪ್ಯಾಕ್. ಅವನು ತನ್ನ ಫೋನಿನ ಸೆಟ್ಟಿಂಗ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ.

ಇದಕ್ಕೆ ಎರಡು ಕೆಲಸ ಮಾಡಿ. ಹಾಟ್‌ಸ್ಪಾಟ್‌ನಲ್ಲಿ ಬದುಕುವ ಮನೆಯಾದರೆ, ವಾಟ್ಸಾಪಿನ ವೈಫೈ ಸಾಲಿನ ಟಿಕ್‌ಗಳನ್ನೂ ತೆಗೆದುಬಿಡಿ. ಆಮೇಲೆ ಅಮ್ಮನ ಫೋನಿನಲ್ಲಿ ಆ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ, ಒಳಗೆ Network usage ಅಥವಾ Metered ಎಂಬುದನ್ನು ಹುಡುಕಿ, Treat as metered ಎಂದು ಮಾಡಿ. ಇದು ದುಡ್ಡಿನ ನೆಟ್, ಮೊಬೈಲ್ ಡೇಟಾದ ಹಾಗೇ ನೋಡು ಎಂದು ಫೋನಿಗೆ ಹೇಳುವ ದಾರಿ ಇದು. ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟನ್ನು ಇನ್ನೊಂದು ಆಂಡ್ರಾಯ್ಡ್ ಫೋನ್ ತಾನೇ ಗುರುತಿಸುವುದೂ ಉಂಟು. ಆದರೂ ಕೈಯಲ್ಲಿ ಮಾಡಿಟ್ಟರೆ ನೆಮ್ಮದಿ. ಐಫೋನ್ ಇದ್ದವರು ಅದೇ ಜಾಗದಲ್ಲಿ Low Data Mode ಆನ್ ಮಾಡಿ.

ವಾಟ್ಸಾಪ್ ಬ್ಯಾಕಪ್ ಬಗ್ಗೆ ಒಂದೇ ಮಾತು. Chats ಒಳಗೆ Chat backup ನಲ್ಲಿ Back up using cellular ಎಂಬ ಸ್ವಿಚ್ ಇದೆ, ಅದು ಆರಿರಲಿ. ಪ್ಲೇ ಸ್ಟೋರಿನ Auto-update apps ಕೂಡ Over Wi-Fi only ಎಂದಿರಲಿ. ಹಾಟ್‌ಸ್ಪಾಟ್ ಮನೆಯವರು ಅದನ್ನೂ ಪೂರ್ತಿ ನಿಲ್ಲಿಸಿ, ಪೇಟೆಗೆ ಬಂದಾಗ ನೆಂಟರ ಮನೆಯ ವೈಫೈಯಲ್ಲಿ ಅಪ್‌ಡೇಟ್ ಮಾಡಿಕೊಳ್ಳಬಹುದು.

ಕೊನೆಯ ಪ್ರಶ್ನೆ ಒಬ್ಬ ಅಕ್ಕನದು: "ಇದೆಲ್ಲ ಮಾಡಿದ ಮೇಲೆ ಉಳೀತೋ ಇಲ್ವೋ ಅಂತ ಗೊತ್ತಾಗೋದು ಹೇಗೆ?"

ಅಕ್ಕಾ, ಅದಕ್ಕೂ ವಾಟ್ಸಾಪಿನೊಳಗೇ ಮೀಟರ್ ಇದೆ. Storage and data ಒಳಗಿನ Network usage ಒತ್ತಿ. ಕರೆ, ಮೀಡಿಯಾ, ಸಂದೇಶ, ಸ್ಟೇಟಸ್ ಎಂದು ಬೇರೆ ಬೇರೆ ಬರೆದಿರುತ್ತದೆ. ಎಷ್ಟು ಕಳಿಸಿದಿರಿ, ಎಷ್ಟು ಬಂತು ಎರಡೂ ಕಾಣುತ್ತದೆ. ಕೆಳಗೆ Reset statistics ಇದೆ. ಅದನ್ನು ಒತ್ತಿ ಸೊನ್ನೆ ಮಾಡಿ, ಇವತ್ತಿನ ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ವಾರ ಬಿಟ್ಟು ಮೀಡಿಯಾ ಸಾಲಿನಲ್ಲಿ ಬಂದದ್ದು ಎಷ್ಟು ಎಂದು ನೋಡಿ, ಏಳರಿಂದ ಭಾಗಿಸಿ. ನಿಮ್ಮದು ಆ 84 ದಿನದ ಪ್ಯಾಕ್ ಆದರೆ 73ಕ್ಕಿಂತ ಸಾಕಷ್ಟು ಕೆಳಗೆ ಇರಬೇಕು. ಮೀಡಿಯಾ ಕಡಿಮೆಯಾಗಿ ಕರೆಯ ಸಾಲು ದೊಡ್ಡದಿದ್ದರೆ, ಬೆಂಗಳೂರಿನ ಮಗನ ಜೊತೆಗಿನ ವಿಡಿಯೊ ಕಾಲ್‌ನಲ್ಲಿ ಹೋಗುತ್ತಿದೆ ಎಂದರ್ಥ. ಅದಕ್ಕೆ Use less data for calls ಎಂಬ ಸ್ವಿಚ್ Storage and data ಪುಟದಲ್ಲಿದೆ. ಎರಡೂ ಕಡಿಮೆ ಇದ್ದು ಪ್ಯಾಕ್ ಇನ್ನೂ ಖಾಲಿಯಾಗುತ್ತಿದ್ದರೆ ತಪ್ಪು ವಾಟ್ಸಾಪಿನದಲ್ಲ. ಆಗ ಫೋನಿನ Settings ನಲ್ಲಿ App data usage ಹುಡುಕಿ ತೆರೆದು, ಪಟ್ಟಿಯಲ್ಲಿ ಮೇಲೆ ಕೂತಿರುವ ಆ್ಯಪ್ ಯಾವುದು ಎಂದು ನೋಡಿ. ತಿಳಿಯದಿದ್ದರೆ ಸೋಮವಾರ ಅಂಗಡಿಗೆ ತನ್ನಿ, ಭಾನುವಾರ ಮಧ್ಯಾಹ್ನದ ಮೇಲೆ ನಾನಿರುವುದಿಲ್ಲ.